ಈ ವಿಡಿಯೊ ಎಲ್ಲಿಂದ ಬಂತು? ಡೀಪ್‌ಫೇಕ್ ಪರಿಶೀಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೂತು, ಓದುಗರು ಕಳಿಸುವ ವಿಡಿಯೊಗಳ ಬೆನ್ನು ಹತ್ತುವುದು ನನ್ನ ಕೆಲಸದ ಒಂದು ಭಾಗ. "ಇದು ನಿಜವೇ?" ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ. "ಇದು ಎಲ್ಲಿಂದ ಬಂತು?" ಎಂದು ಕೇಳಿದರೆ ಹುಡುಕಲು ಒಂದು ದಾರಿ ಇರುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ಎರಡನೆಯ ಪ್ರಶ್ನೆಯನ್ನು ಹಿಡಿದು ಹೊರಟವು.

ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಬಂದಿದೆ. ಮೊದಲು ಏನು ಮಾಡಲಿ?

ಕಳಿಸಿದವರನ್ನು ಕೇಳಿ: ನಿಮಗೆ ಇದು ಎಲ್ಲಿ ಸಿಕ್ಕಿತು, ಲಿಂಕ್ ಇದೆಯೇ? ಹತ್ತರಲ್ಲಿ ಎಂಟು ಜನ ಇದನ್ನು ಕೇಳುವುದೇ ಇಲ್ಲ, ನೇರವಾಗಿ ಮುಖ, ಕಣ್ಣು, ಬೆರಳುಗಳನ್ನು ಎಣಿಸಲು ಕೂರುತ್ತಾರೆ. ಲಿಂಕ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ವಾಟ್ಸ್‌ಆ್ಯಪ್ ವಿಡಿಯೊವನ್ನು ಕಳಿಸುವಾಗ ಅದನ್ನು ಕುಗ್ಗಿಸಿ ಹೊಸದಾಗಿ ಕಟ್ಟುತ್ತದೆ. ಹಾಗೆ ಕಟ್ಟುವಾಗ ಫೈಲಿನ ಒಳಗಿದ್ದ ಮೂಲದ ವಿವರಗಳು ಉದುರಿಹೋಗುತ್ತವೆ, ಚಿತ್ರದ ಸೂಕ್ಷ್ಮ ಗೆರೆಗಳೂ ಮಸುಕಾಗುತ್ತವೆ. ನಿಮ್ಮ ಕೈಯಲ್ಲಿರುವುದು ಪ್ರತಿಯ ಪ್ರತಿಯ ಪ್ರತಿ. ಕಳಿಸುವವರ ಬಳಿ ಅಸಲು ಫೈಲ್ ಇದ್ದರೆ ಅದನ್ನು ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಫೈಲ್ ಇದ್ದ ಹಾಗೆಯೇ ಬರುತ್ತದೆ.

ಮೂಲದ ಲೇಬಲ್ ಎಂದರೆ ಏನು? ಅದು ವಾಟರ್‌ಮಾರ್ಕ್ ತಾನೇ?

ಎರಡೂ ಬೇರೆ. ವಾಟರ್‌ಮಾರ್ಕ್ ಚಿತ್ರದ ಮೇಲೆಯೇ ಇರುವ ಗುರುತು: ಕಣ್ಣಿಗೆ ಕಾಣುವ ಲಾಂಛನವಾಗಿರಬಹುದು, ಗೂಗಲ್‌ನ ಸಿಂಥ್‌ಐಡಿಯ ಹಾಗೆ ಕಣ್ಣಿಗೆ ಕಾಣದಂತೆ ಚಿತ್ರದೊಳಗೆ ಬೆರೆತದ್ದೂ ಆಗಿರಬಹುದು.

ಮೂಲದ ಲೇಬಲ್ ಫೈಲಿಗೆ ಅಂಟಿಸಿದ ಸಹಿ ಮಾಡಿದ ಚೀಟಿ. ಇದರ ನಿಯಮಗಳನ್ನು ರೂಪಿಸಿದ್ದು ಸಿ2ಪಿಎ ಎಂಬ ಒಕ್ಕೂಟ. ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ, ಇಂಟೆಲ್, ಆರ್ಮ್, ಟ್ರೂಪಿಕ್ ಸೇರಿ 2021ರಲ್ಲಿ ಅದನ್ನು ಕಟ್ಟಿದವು. ಜನರಿಗೆ ಕಾಣುವ ಹೆಸರು Content Credentials, ಗುರುತು "cr" ಎಂಬ ಸಣ್ಣ ಚಿಹ್ನೆ.

ಚೀಟಿಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ. ಈ ಫೈಲ್ ಯಾವುದರಿಂದ ಹುಟ್ಟಿತು, ಆಮೇಲೆ ಅದಕ್ಕೆ ಏನೇನು ಮಾಡಲಾಯಿತು, ಹಾಗೆಂದು ಸಹಿ ಹಾಕಿದವರು ಯಾರು. ಇದರ ಜೊತೆಗೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಒಂದು ಅಂಕಿಯೂ ಇರುತ್ತದೆ. ಸಹಿ ಬಿದ್ದ ಮೇಲೆ ಯಾರಾದರೂ ಒಂದು ಫ್ರೇಮ್ ಬದಲಿಸಿದರೂ ಆ ಲೆಕ್ಕ ಕೂಡುವುದಿಲ್ಲ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದದ್ದು ನೆನಪಿದ್ದರೆ ಇದು ಅಂಥದ್ದೇ. ಒಳಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಮುದ್ರೆ ಹೇಳುವುದಿಲ್ಲ. ಯಾರು ಒತ್ತಿದರು, ಆಮೇಲೆ ಯಾರಾದರೂ ಬಿಚ್ಚಿದರೇ ಎಂಬುದನ್ನು ಹೇಳುತ್ತದೆ.

ಆ ಚೀಟಿಯನ್ನು ಓದುವುದು ಹೇಗೆ?

ಸುಲಭದ ದಾರಿ contentcredentials.org/verify ಪುಟ. ಬ್ರೌಸರ್‌ನಲ್ಲಿ ತೆರೆದು ಫೈಲನ್ನು ಅದರೊಳಗೆ ಹಾಕಿದರೆ ಚೀಟಿ ಇದ್ದಲ್ಲಿ ಬಿಚ್ಚಿ ತೋರಿಸುತ್ತದೆ. ಕಂಪ್ಯೂಟರ್‌ನಲ್ಲಿ ಆದೇಶ ಟೈಪ್ ಮಾಡಿ ಅಭ್ಯಾಸವಿದ್ದವರಿಗೆ ಉಚಿತ ಉಪಕರಣವೂ ಇದೆ:

```
c2patool video.mp4
```

ಉದ್ದದ ಪಟ್ಟಿಯೊಂದು ಬರುತ್ತದೆ. ಎಲ್ಲವನ್ನೂ ಓದಬೇಕಿಲ್ಲ. digitalSourceType ಎಂಬ ಸಾಲನ್ನು ಹುಡುಕಿ. ಅದರ ಮುಂದೆ trainedAlgorithmicMedia ಎಂದಿದ್ದರೆ ಇಡೀ ವಿಡಿಯೊವನ್ನು ಎಐ ಸೃಷ್ಟಿಸಿದೆ ಎಂದು ತಯಾರಿಸಿದ ಉಪಕರಣವೇ ಒಪ್ಪಿಕೊಂಡಿದೆ. compositeWithTrainedAlgorithmicMedia ಎಂದಿದ್ದರೆ ಬೇರೆ ದೃಶ್ಯದೊಂದಿಗೆ ಎಐ ಸೃಷ್ಟಿಯನ್ನು ಬೆರೆಸಲಾಗಿದೆ. digitalCapture ಎಂದಿದ್ದರೆ ಕ್ಯಾಮೆರಾದಲ್ಲಿ ಸೆರೆಹಿಡಿದದ್ದು. ಕೊನೆಯಲ್ಲಿ ಪರಿಶೀಲನೆಯ ಫಲಿತಾಂಶ ಇರುತ್ತದೆ. ಅಲ್ಲಿ mismatch ಎಂಬ ಪದ ಕಂಡರೆ ಸಹಿ ಬಿದ್ದ ಮೇಲೆ ಫೈಲ್ ಬದಲಾಗಿದೆ. signingCredential.untrusted ಎಂದಿದ್ದರೆ ಸಹಿ ಹಾಕಿದವರು ಆ ಉಪಕರಣ ನೋಡುವ ನಂಬಿಕೆಯ ಪಟ್ಟಿಯಲ್ಲಿ ಇಲ್ಲ. ಮನೆಯಲ್ಲೇ ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಒತ್ತಿದ ಹಾಗಿರಬಹುದು.

ಯೂಟ್ಯೂಬ್‌ನಲ್ಲಾದರೆ ವಿಡಿಯೊದ ಕೆಳಗಿನ ವಿವರಣೆಯನ್ನು ಪೂರ್ತಿ ತೆರೆದು How this content was made ಎಂಬ ಭಾಗವನ್ನು ನೋಡಿ. Altered or synthetic content ಎಂದಿದ್ದರೆ ಹಾಕಿದವರೇ ಹೇಳಿಕೊಂಡಿರಬಹುದು ಅಥವಾ ಯೂಟ್ಯೂಬ್ ಸೇರಿಸಿರಬಹುದು. Captured with a camera ಎಂಬ ಬರಹ ಕಾಣುವುದು ಸಿ2ಪಿಎ ಚೀಟಿ ಕ್ಯಾಮೆರಾದಿಂದ ಯೂಟ್ಯೂಬ್‌ವರೆಗೆ ಕಳಚದೆ ಬಂದಿದ್ದರೆ ಮಾತ್ರ. ವಿವರಣೆಯನ್ನು ಬಿಚ್ಚದೆ ಮೇಲ್ಮೇಲೆ ನೋಡಿದರೆ ಇವೆರಡೂ ಕಣ್ತಪ್ಪುತ್ತವೆ.

ಲೇಬಲ್ ಇಲ್ಲ ಎಂದು ಬಂತು. ಹಾಗಾದರೆ ವಿಡಿಯೊ ಸುಳ್ಳೇ?

ಖಂಡಿತ ಅಲ್ಲ. ಅತ್ಯಂತ ಹೆಚ್ಚು ಜನ ಎಡವುವುದು ಇಲ್ಲೇ, ಅದೂ ಎರಡೂ ಕಡೆಗೆ. ಇಂದು ನಮ್ಮ ಸುತ್ತ ಓಡಾಡುವ ನಿಜವಾದ ವಿಡಿಯೊಗಳಲ್ಲಿ ಬಹುಪಾಲಿಗೆ ಯಾವ ಚೀಟಿಯೂ ಇಲ್ಲ. ನಿಮ್ಮ ಮಗಳ ಶಾಲೆಯ ವಾರ್ಷಿಕೋತ್ಸವದ ವಿಡಿಯೊದಲ್ಲೂ ಇರುವುದಿಲ್ಲ. ಚೀಟಿ ಹಾಕುವ ಮೊದಲ ಕ್ಯಾಮೆರಾ ಲೈಕಾ ಕಂಪನಿಯ ಎಂ11-ಪಿ ಮಾರುಕಟ್ಟೆಗೆ ಬಂದದ್ದೇ 2023ರ ಅಕ್ಟೋಬರ್‌ನಲ್ಲಿ. ಇನ್ನೊಂದು ಕಡೆ, ಎಐ ಉಪಕರಣ ಚೀಟಿ ಅಂಟಿಸಿ ಕೊಟ್ಟಿದ್ದರೂ ಪರದೆಯನ್ನು ರೆಕಾರ್ಡ್ ಮಾಡಿದರೆ, ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಕಳಿಸಿದರೆ ಅದು ಕಳಚಿಹೋಗುತ್ತದೆ. ಚೀಟಿ ಇಲ್ಲದಿರುವುದರಿಂದ ತಿಳಿಯುವುದು ಒಂದೇ: ಈ ದಾರಿಯಲ್ಲಿ ಏನೂ ಸಿಗಲಿಲ್ಲ, ಕೆಳಗೆ ಹೇಳಿರುವ ಫ್ರೇಮ್ ಹುಡುಕಾಟಕ್ಕೆ ಹೋಗಬೇಕು.

ಲೇಬಲ್ ಇದ್ದರೆ ಕಣ್ಣು ಮುಚ್ಚಿ ನಂಬಬಹುದೇ?

"ಎಐ ಸೃಷ್ಟಿ" ಎಂಬ ಚೀಟಿಗೆ ಬೆಲೆ ಹೆಚ್ಚು, ಏಕೆಂದರೆ ತನ್ನದೇ ವಿಡಿಯೊ ಕೃತಕ ಎಂದು ಸುಳ್ಳು ಹೇಳಿಕೊಳ್ಳುವುದರಿಂದ ಯಾರಿಗೂ ದೊಡ್ಡ ಲಾಭವಿಲ್ಲ. ಆದರೂ ಪ್ರಮಾಣವನ್ನು ನೋಡಬೇಕು. 2024ರಲ್ಲಿ ಮೆಟಾ ಸಂಸ್ಥೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ Made with AI ಎಂದು ಗುರುತು ಹಾಕತೊಡಗಿದಾಗ, ಸಣ್ಣಪುಟ್ಟ ತಿದ್ದುಪಡಿ ಮಾಡಿದ ನಿಜವಾದ ಛಾಯಾಚಿತ್ರಗಳಿಗೂ ಆ ಹಣೆಪಟ್ಟಿ ಬಿತ್ತು. ಛಾಯಾಗ್ರಾಹಕರು ಆಕ್ಷೇಪಿಸಿದ ಮೇಲೆ ಅದೇ ವರ್ಷದ ಜುಲೈನಲ್ಲಿ ಅದನ್ನು AI info ಎಂದು ಬದಲಿಸಿದರು.

"ಕ್ಯಾಮೆರಾದಲ್ಲಿ ತೆಗೆದದ್ದು" ಎಂಬ ಚೀಟಿಯನ್ನು ಹೆಚ್ಚು ಎಚ್ಚರದಿಂದ ಓದಬೇಕು. ಪರದೆಯ ಮೇಲೆ ಡೀಪ್‌ಫೇಕ್ ಓಡಿಸಿ, ಎದುರಿಗೆ ಸಹಿ ಹಾಕುವ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರೆ ಕ್ಯಾಮೆರಾ ಪ್ರಾಮಾಣಿಕವಾಗಿಯೇ ಸಹಿ ಹಾಕುತ್ತದೆ. ಅದು ಕಂಡದ್ದು ನಿಜವಾದ ಪರದೆಯನ್ನೇ. ಯಂತ್ರದಲ್ಲೇ ದೋಷ ಇರುವುದೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ನಿಕಾನ್ ಝಡ್6 III ಕ್ಯಾಮೆರಾದಲ್ಲಿ ಇಂಥದ್ದೊಂದು ಬಯಲಾಯಿತು: ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಸೌಲಭ್ಯ ಬಳಸಿ, ಸಹಿಯೇ ಇಲ್ಲದ ಹೊರಗಿನ ಚಿತ್ರವೊಂದಕ್ಕೆ ಕ್ಯಾಮೆರಾದ ಸಹಿ ಬೀಳುವಂತೆ ಮಾಡಬಹುದಿತ್ತು. ನಿಕಾನ್ ಸೇವೆಯನ್ನು ನಿಲ್ಲಿಸಿ, ಅಲ್ಲಿಯವರೆಗೆ ಕೊಟ್ಟ ಪ್ರಮಾಣಪತ್ರಗಳನ್ನೆಲ್ಲ ರದ್ದು ಮಾಡಿತು. ಹಾಗಾಗಿ ಚೀಟಿಯಲ್ಲಿ ಸಹಿ ಯಾರದ್ದು, ಯಾವ ದಿನಾಂಕದ್ದು ಎಂದು ನೋಡಿ, ವಿಡಿಯೊ ಹೇಳುತ್ತಿರುವ ಕಥೆಗೆ ಅದು ಹೊಂದುತ್ತದೆಯೇ ಎಂದು ತಾಳೆ ಹಾಕಿ.

ಫ್ರೇಮ್ ಹುಡುಕಾಟ ಎಂದರೆ ಏನು? ಯಾವ ಫ್ರೇಮ್ ಆರಿಸಬೇಕು?

ವಿಡಿಯೊ ಎಂದರೆ ಸೆಕೆಂಡಿಗೆ 25ರಿಂದ 30 ಸ್ಥಿರಚಿತ್ರಗಳ ಸಾಲು. ಅದರಿಂದ ಕೆಲವನ್ನು ಹೊರತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್, ಬಿಂಗ್ ಅಥವಾ ಟಿನ್‌ಐಗೆ ಕೊಟ್ಟು, ಇದೇ ಚಿತ್ರ ಮೊದಲು ಎಲ್ಲಿ ಕಾಣಿಸಿತ್ತು ಎಂದು ಹುಡುಕುವುದೇ ರಿವರ್ಸ್ ಸರ್ಚ್. ಕ್ರೋಮ್ ಬ್ರೌಸರ್‌ಗೆ ಸೇರಿಸಿಕೊಳ್ಳುವ ಇನ್‌ವಿಡ್-ವಿವೆರಿಫೈ ಉಪಕರಣಕ್ಕೆ ಲಿಂಕ್ ಕೊಟ್ಟರೆ ಅದೇ ಮುಖ್ಯ ಫ್ರೇಮ್‌ಗಳನ್ನು ಆರಿಸಿ ಕೊಡುತ್ತದೆ. ಫೈಲ್ ಕೈಯಲ್ಲಿದ್ದರೆ ffmpeg ಎಂಬ ಉಚಿತ ಉಪಕರಣದಿಂದ ಸೆಕೆಂಡಿಗೆ ಒಂದರಂತೆ ಹೀಗೂ ತೆಗೆಯಬಹುದು:

```
ffmpeg -i video.mp4 -vf fps=1 frame_%03d.png
```

ಆದರೆ ಸೆಕೆಂಡಿಗೆ ಒಂದು ಎಂಬ ಲೆಕ್ಕ ಸಾಲದ ಸಂದರ್ಭಗಳಿವೆ. ಡೀಪ್‌ಫೇಕ್ ಎಡವುವ ಕ್ಷಣ ಹಲವು ಬಾರಿ ನಾಲ್ಕೈದು ಫ್ರೇಮ್‌ಗಳಷ್ಟೇ ಉದ್ದ. ಅದಕ್ಕಾಗಿ ವಿಡಿಯೊವನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ನಿಲ್ಲಿಸಿ, E ಕೀ ಒತ್ತುತ್ತ ಹೋಗಿ; ಒಂದು ಒತ್ತಿಗೆ ಒಂದು ಫ್ರೇಮ್ ಮುಂದೆ ಸರಿಯುತ್ತದೆ. ಯೂಟ್ಯೂಬ್‌ನಲ್ಲಿ ನಿಲ್ಲಿಸಿದ ವಿಡಿಯೊಗೆ ಪೂರ್ಣವಿರಾಮದ ಕೀ ಮುಂದಕ್ಕೆ, ಅಲ್ಪವಿರಾಮದ ಕೀ ಹಿಂದಕ್ಕೆ ಒಯ್ಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಮುಖವನ್ನು ಹುಡುಕಬೇಡಿ. ಮುಖ ಬದಲಿಸಿದ ವಿಡಿಯೊದಲ್ಲಿ ಸುಳ್ಳಾಗಿರುವುದೇ ಮುಖ. ಅದನ್ನು ಕೊಟ್ಟರೆ ಆ ಪ್ರಸಿದ್ಧ ವ್ಯಕ್ತಿಯ ಸಾವಿರಾರು ಅಸಲಿ ಫೋಟೊಗಳು ಬಂದು ಬೀಳುತ್ತವೆ, "ಓಹೋ, ಅವರೇ" ಎಂಬ ಭ್ರಮೆ ಗಟ್ಟಿಯಾಗುತ್ತದೆ. ಮುಖವನ್ನು ಕತ್ತರಿಸಿ ಬಿಟ್ಟು ಬಟ್ಟೆ, ಗೋಡೆ, ಬಾಗಿಲು, ಹಿಂದಿನ ಬ್ಯಾನರ್, ಮೇಜಿನ ಮೇಲಿನ ಮೈಕ್ ಉಳಿಯುವಂತೆ ಮಾಡಿ ಕೊಡಿ. ಮುಖ ಬದಲಿಸುವವರು ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಫಲಿತಾಂಶ ಬರದಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಇನ್ನೊಮ್ಮೆ ಹುಡುಕಿ. ಸಿಕ್ಕಿಬೀಳದಿರಲು ಹೀಗೆ ತಿರುಗಿಸಿ ಹಾಕುವುದು ಹಳೆಯ ಚಾಳಿ.

ಒಂದು ನಿಜವಾದ ಪ್ರಕರಣದಲ್ಲಿ ಇದು ಹೇಗೆ ನಡೆಯಿತು?

2023ರ ನವೆಂಬರ್ ಮೊದಲ ವಾರ ದೇಶವೆಲ್ಲ ನೋಡಿದ ಲಿಫ್ಟ್ ವಿಡಿಯೊವನ್ನೇ ತೆಗೆದುಕೊಳ್ಳೋಣ. ಕಪ್ಪು ಉಡುಪಿನ ಮಹಿಳೆಯೊಬ್ಬರು ಲಿಫ್ಟ್ ಒಳಗೆ ಬರುತ್ತಾರೆ, ಮುಖ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದ್ದು. ಕೆಲವೇ ಸೆಕೆಂಡುಗಳ ತುಣುಕು. ಮೊಬೈಲ್‌ನಲ್ಲಿ ಒಮ್ಮೆ ನೋಡಿದವರಿಗೆ ಸಂಶಯ ಬರುವಂತಿರಲಿಲ್ಲ.

ಈಗ ಅದನ್ನು ಫ್ರೇಮ್ ಫ್ರೇಮ್ ಆಗಿ ನಡೆಸಿ. ಆರಂಭದಲ್ಲಿ, ಅವರು ಬಾಗಿಲು ದಾಟುವ ಹೊತ್ತಿಗೆ, ಕಾಣುವುದು ಬೇರೆಯೇ ಮಹಿಳೆಯ ಮುಖ. ಸುಮಾರು ಒಂದು ಸೆಕೆಂಡ್ ಆಗುವಷ್ಟರಲ್ಲಿ ಅದು ರಶ್ಮಿಕಾ ಅವರ ಮುಖವಾಗಿ ಮಾರ್ಪಡುತ್ತದೆ. ಮುಖ ಬದಲಿಸುವ ತಂತ್ರಕ್ಕೆ ಎರಡೂ ಕಣ್ಣು, ಮೂಗು, ಬಾಯಿಗಳ ಸ್ಥಾನ ಸ್ಪಷ್ಟವಾಗಿ ಸಿಗಬೇಕು. ಮುಖ ಅರ್ಧ ಮರೆಯಾಗಿದ್ದಾಗ, ಓರೆಯಾದಾಗ, ಚೌಕಟ್ಟಿನ ಅಂಚಿನಿಂದ ಒಳಬರುವಾಗ ಅದಕ್ಕೆ ಹಿಡಿತ ಸಿಗುವುದಿಲ್ಲ, ಅಸಲಿ ಮುಖ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ಯಾರಾದರೂ ಒಳಬರುವ, ತಿರುಗುವ, ಕೈಯನ್ನು ಮುಖದ ಮುಂದೆ ತರುವ ಕ್ಷಣಗಳನ್ನು ನಾನು ಮೊದಲು ನೋಡುತ್ತೇನೆ.

ಆ ಮೊದಲ ಫ್ರೇಮ್‌ಗಳಲ್ಲಿ ಒಂದನ್ನು, ಅಥವಾ ಮುಖ ಬಿಟ್ಟು ಉಡುಪು ಮತ್ತು ಲಿಫ್ಟ್ ಮಾತ್ರ ಉಳಿಸಿಕೊಂಡ ತುಂಡನ್ನು ಹಿಡಿದು ಹೊರಟರೆ ತಲುಪಬೇಕಾದ ಜಾಗ ಬ್ರಿಟನ್‌ನಲ್ಲಿರುವ ಭಾರತೀಯ ಮೂಲದ ಮಹಿಳೆಯೊಬ್ಬರ ಇನ್‌ಸ್ಟಾಗ್ರಾಂ ಖಾತೆ. ಅವರು ಆ ವಿಡಿಯೊ ಹಾಕಿದ್ದು 2023ರ ಅಕ್ಟೋಬರ್ 9ರಂದು. ಅದೇ ಉಡುಪು, ಅದೇ ಲಿಫ್ಟ್, ಅದೇ ಚಲನೆ, ಆರಂಭದಿಂದ ಕೊನೆಯವರೆಗೆ ಅವರದ್ದೇ ಮುಖ. ದಿನಾಂಕ ಸುಮಾರು ನಾಲ್ಕು ವಾರ ಹಿಂದಿನದು. ಇಷ್ಟಾದ ಮೇಲೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಸತ್ಯಶೋಧನೆ ಮಾಡುವ ಪತ್ರಕರ್ತರೊಬ್ಬರು ಎರಡೂ ವಿಡಿಯೊಗಳನ್ನು ಮುಂದಿಟ್ಟು ಎಕ್ಸ್‌ನಲ್ಲಿ ಬರೆದದ್ದು ನವೆಂಬರ್ 5ರಂದು. ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆಂಧ್ರಪ್ರದೇಶದ ಗುಂಟೂರಿನ ಯುವಕನೊಬ್ಬನನ್ನು ಬಂಧಿಸಿದರು.

ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವ ಸಂಗತಿಯೊಂದಿದೆ. ಗಾಯಗೊಂಡವರು ಇಬ್ಬರು. ಮುಖ ಕದ್ದದ್ದು ಒಬ್ಬರದ್ದು, ದೇಹ ಕದ್ದದ್ದು ಇನ್ನೊಬ್ಬರದ್ದು. ಮೂಲ ಹುಡುಕಿ ತೋರಿಸುವಾಗ ಆ ಎರಡನೆಯವರ ಖಾತೆಗೆ ಜನ ನುಗ್ಗುವಂತೆ ಮಾಡಬಾರದು. ನಾವು ದಿನಾಂಕ ಹೇಳುತ್ತೇವೆ, ಹೋಲಿಕೆಯ ಫ್ರೇಮ್‌ನಲ್ಲಿ ಅವರ ಮುಖವನ್ನು ಮಸುಕುಗೊಳಿಸುತ್ತೇವೆ.

ಮುಖ ಅವರದೇ, ಜಾಗವೂ ಅಸಲಿ, ಮಾತು ಮಾತ್ರ ನಂಬುವಂತಿಲ್ಲ. ಆಗ?

ಹೂಡಿಕೆಯ ಆಮಿಷ, ಸಕ್ಕರೆ ಕಾಯಿಲೆಗೆ ದಿಢೀರ್ ಮದ್ದು ಎಂಬಂಥ ವಿಡಿಯೊಗಳು ಬಹುತೇಕ ಈ ಜಾತಿಯವು. ಉದ್ಯಮಿಯ ಅಥವಾ ವೈದ್ಯರ ಹಳೆಯ ಸಂದರ್ಶನವೊಂದನ್ನು ತೆಗೆದುಕೊಂಡು, ಅವರದ್ದೇ ಧ್ವನಿಯನ್ನು ಅನುಕರಿಸಿ ಹೊಸ ಮಾತು ಸೇರಿಸಿ, ತುಟಿಯನ್ನಷ್ಟೇ ಅದಕ್ಕೆ ಹೊಂದಿಸುತ್ತಾರೆ. ಇನ್ಫೊಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿ ಅವರು ತಮ್ಮ ಹೆಸರಿನಲ್ಲಿ ಇಂಥ ಷೇರು ವಹಿವಾಟಿನ ಆ್ಯಪ್‌ಗಳ ಪ್ರಚಾರ ನಡೆಯುತ್ತಿದೆ, ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದ್ದರು.

ಇಲ್ಲಿ ಫ್ರೇಮ್ ಹುಡುಕಾಟ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ತುಟಿಯ ಸುತ್ತ ಬಿಟ್ಟರೆ ಉಳಿದ ಚಿತ್ರವೆಲ್ಲ ಹಳೆಯದೇ. ಹಿನ್ನೆಲೆಯ ಸೋಫಾ, ಹೂಕುಂಡ, ವಾಹಿನಿಯ ಬಣ್ಣದ ಪಟ್ಟಿ ಹಿಡಿದು ಹೋದರೆ ಅಸಲಿ ಸಂದರ್ಶನ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದು, ಕೈ ಮೇಲೆತ್ತುವ, ಕನ್ನಡಕ ಸರಿಪಡಿಸಿಕೊಳ್ಳುವ ಒಂದು ಚಲನೆಯನ್ನು ಗುರುತು ಹಿಡಿದು ಅಲ್ಲಿಂದ ಜೊತೆಯಾಗಿ ಓಡಿಸಿ. ಕೈ ಅದೇ ಕ್ಷಣಕ್ಕೆ ಏಳುತ್ತದೆ, ತಲೆ ಅದೇ ಕ್ಷಣಕ್ಕೆ ಅಲುಗುತ್ತದೆ, ಬಾಯಿ ಮಾತ್ರ ಬೇರೆ ಮಾತಾಡುತ್ತದೆ. ಇಷ್ಟು ಕಂಡರೆ ಸಾಕು. ತಂತ್ರಜ್ಞಾನದ ಗಂಧವಿಲ್ಲದ ಮನೆಯ ಹಿರಿಯರಿಗೂ ಇದನ್ನು ತೋರಿಸಿದರೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ. ಸಂದರ್ಶನ ಉದ್ದವಾಗಿದ್ದರೆ ಆ ಮಾತನ್ನು ಅವರು ಬೇರೆ ಭಾಗದಲ್ಲಿ ನಿಜವಾಗಿಯೂ ಹೇಳಿರಬಹುದು. ಅದನ್ನು ಪೂರ್ತಿ ಕೇಳದೆ "ಸುಳ್ಳು" ಎಂದು ತೀರ್ಪು ಕೊಡಬೇಡಿ.

ಎಷ್ಟು ಹುಡುಕಿದರೂ ಮೂಲ ಸಿಗಲಿಲ್ಲ. ಹಾಗಾದರೆ ಇದು ಹೊಸ, ಅಸಲಿ ವಿಡಿಯೊ ಇರಬಹುದೇ?

ಇರಬಹುದು, ಇಲ್ಲದಿರಬಹುದು. ಇಡೀ ವಿಡಿಯೊವನ್ನೇ ಎಐ ಸೃಷ್ಟಿಸಿದ್ದರೆ ಅದಕ್ಕೆ ಹಿಂದಿನ ಮೂಲ ಎಂಬುದೇ ಇರುವುದಿಲ್ಲ. ಮುಚ್ಚಿದ ಖಾತೆಯಲ್ಲಿದ್ದ ವಿಡಿಯೊವನ್ನು ಹುಡುಕುವ ಯಂತ್ರಗಳು ಕಾಣಲಾರವು. ಇಂದು ಬೆಳಿಗ್ಗೆ ಹಾಕಿದ್ದು ಅವುಗಳ ಪಟ್ಟಿಗೆ ಸೇರಲು ಸಮಯ ಬೇಕು.

ಆಗ ನಾನು ಫ್ರೇಮ್ ಹುಡುಕಾಟದಿಂದಲೇ ಅತಿ ಹಳೆಯ ಪ್ರತಿ ಯಾವುದೆಂದು ನೋಡುತ್ತೇನೆ. ಟಿನ್‌ಐನಲ್ಲಿ ಹಳೆಯದು ಮೊದಲು ಎಂದು ಜೋಡಿಸಿಕೊಳ್ಳಬಹುದು. ಆ ಮೊದಲ ಖಾತೆಗೆ ಹೋಗಿ ಉಳಿದ ವಿಡಿಯೊಗಳನ್ನು ನೋಡಿ. ಎಐ ವಿಡಿಯೊ ಮಾಡಿ ಹಾಕುವುದೇ ಕಸುಬಾದ ಖಾತೆಯೊಂದು ಹಾಗೆಂದು ಪರಿಚಯದಲ್ಲಿ ಬರೆದುಕೊಂಡೇ ಹಾಕಿರುತ್ತದೆ, ಮಧ್ಯೆ ಯಾರೋ ಅದನ್ನು ಇಳಿಸಿಕೊಂಡು "ನಿನ್ನೆ ರಾತ್ರಿ ಘಾಟಿಯಲ್ಲಿ ಕಂಡ ಹುಲಿ" ಎಂದು ಹಂಚಿರುತ್ತಾರೆ. ಮೊದಲ ಪ್ರತಿಯಲ್ಲಿ ಮೂಲೆಯಲ್ಲಿದ್ದ ವಾಟರ್‌ಮಾರ್ಕ್ ನಿಮಗೆ ಬಂದ ಪ್ರತಿಯಲ್ಲಿ ಕತ್ತರಿಸಿಹೋಗಿರುತ್ತದೆ, ಇಲ್ಲವೇ ಅಲ್ಲಿ ಒಂದು ಮಸುಕು ಕಲೆ ಉಳಿದಿರುತ್ತದೆ. ಚೌಕಟ್ಟಿನ ಒಂದೇ ಜಾಗದಲ್ಲಿ ವಿಡಿಯೊ ಉದ್ದಕ್ಕೂ ಅಂಥ ಕಲೆ ಕಂಡರೆ ಬಿಡಬೇಡಿ.

ಇಷ್ಟೆಲ್ಲ ಆದಮೇಲೂ ಏನೂ ಸಿಗದಿದ್ದರೆ "ಖಚಿತವಾಗಲಿಲ್ಲ" ಎಂದು ಬರೆಯುತ್ತೇವೆ. ಡೆಸ್ಕ್‌ನಲ್ಲಿ ಆ ಪದವನ್ನು ಬರೆಯುವುದು ಕಷ್ಟ, ಓದುಗರಿಗೆ ಅದು ರುಚಿಸುವುದಿಲ್ಲ. ಆದರೂ ಬರೆಯುತ್ತೇವೆ.

ಕಂಪ್ಯೂಟರ್ ಇಲ್ಲ, ಮೊಬೈಲ್ ಒಂದೇ ಇದೆ. ಸಾಧ್ಯವೇ?

ಸಾಧ್ಯ. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ, ಮುಖ ಬಿಟ್ಟು ಹಿನ್ನೆಲೆ ಮಾತ್ರ ಕತ್ತರಿಸಿ, ಗೂಗಲ್ ಲೆನ್ಸ್‌ನಲ್ಲಿ ತೆರೆಯಿರಿ. ಮೂರ್ನಾಲ್ಕು ಬೇರೆ ಬೇರೆ ಕ್ಷಣಗಳಿಂದ ತೆಗೆಯಿರಿ, ಒಂದಕ್ಕೇ ನಿಲ್ಲಬೇಡಿ. ಲೆನ್ಸ್ ಬಟ್ಟೆ ಅಂಗಡಿಗಳ ಪಟ್ಟಿ ತೋರಿಸುತ್ತ ದಾರಿ ತಪ್ಪಿಸಿದರೆ ಹುಡುಕಾಟದ ಜೊತೆಗೆ ಒಂದೆರಡು ಪದ ಸೇರಿಸಿ: ಊರಿನ ಹೆಸರು, "ಸಂದರ್ಶನ", ಕಾರ್ಯಕ್ರಮದ ಹೆಸರು.

ವಿಡಿಯೊ ಹಾಕಿದರೆ "ಶೇ 87 ನಕಲಿ" ಎಂದು ಹೇಳುವ ಜಾಲತಾಣಗಳಿವೆಯಲ್ಲ?

ಇವೆ. ಕುಗ್ಗಿಸಿ ಹದಗೆಟ್ಟ ಫೈಲ್ ಕೊಟ್ಟಾಗ ಅವು ಎರಡೂ ಕಡೆಗೆ ತಪ್ಪುತ್ತವೆ, ಕನ್ನಡದ ಧ್ವನಿಯ ಮೇಲೆ ಇನ್ನೂ ಹೆಚ್ಚು ಎಂಬುದು ನನ್ನ ಅನುಭವ. ಆ ಅಂಕಿಯನ್ನು ನಾವು ಸುಳಿವಾಗಿ ಇಟ್ಟುಕೊಳ್ಳುತ್ತೇವೆ, ಪುರಾವೆಯಾಗಿ ಅಚ್ಚು ಹಾಕುವುದಿಲ್ಲ. ದಿನಾಂಕ ಸಹಿತ ಸಿಕ್ಕ ಮೂಲ ವಿಡಿಯೊವನ್ನು ಓದುಗರು ತಾವೇ ತೆರೆದು ನೋಡಬಹುದು, ಶೇಕಡಾವಾರನ್ನು ಹಾಗೆ ನೋಡಲಾಗದು.

ನಕಲಿ ಎಂದು ಖಚಿತವಾಯಿತು. ಮುಂದೇನು?

ಅಳಿಸುವ ಮೊದಲು ಲಿಂಕ್, ಖಾತೆಯ ಹೆಸರು, ನೋಡಿದ ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟು, ಪರದೆಯ ಚಿತ್ರ ತೆಗೆದುಕೊಳ್ಳಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದ ದೂರುಗಳಿಗೆ cybercrime.gov.in ಇದೆ. ವಿಡಿಯೊ ಇರುವ ಜಾಲತಾಣಕ್ಕೂ ದೂರು ಕೊಡಿ. 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿಯಂತೆ ಕೃತಕವಾಗಿ ಸೃಷ್ಟಿಸಿದ ವಿಡಿಯೊಗಳಿಗೆ ಎದ್ದು ಕಾಣುವ ಲೇಬಲ್ ಇರಬೇಕು, ಒಮ್ಮೆ ಹಾಕಿದ ಲೇಬಲನ್ನು ತೆಗೆಯಲು ಜಾಲತಾಣಗಳು ಅವಕಾಶ ಕೊಡಬಾರದು. ದೂರಿನಲ್ಲಿ ಈ ಅಂಶವನ್ನು ಬರೆಯಿರಿ, ಮೂಲ ವಿಡಿಯೊದ ಲಿಂಕನ್ನೂ ಜೊತೆಗಿಡಿ.

ನಿಮಗೆ ಕಳಿಸಿದ ಚಿಕ್ಕಪ್ಪನಿಗೋ ಅತ್ತೆಗೋ "ಇದು ಸುಳ್ಳು" ಎಂದು ಗುಂಪಿನಲ್ಲಿ ಎಲ್ಲರೆದುರು ಬರೆಯಬೇಡಿ. ಬೇರೆಯಾಗಿ ಮೂಲ ವಿಡಿಯೊದ ಲಿಂಕ್ ಕಳಿಸಿ, "ಎರಡು ನಿಮಿಷ ಹತ್ತನೇ ಸೆಕೆಂಡಿನಿಂದ ನೋಡಿ, ಅದೇ ಅಂಗಿ, ಅದೇ ಕುರ್ಚಿ" ಎಂದು ಬರೆಯಿರಿ. ನನ್ನ ಸೋದರತ್ತೆಗೆ ಹಾಗೆ ಕಳಿಸಿದ್ದೆ. ಗುಂಪಿನಲ್ಲಿದ್ದ ವಿಡಿಯೊವನ್ನು ಅವರೇ ತೆಗೆದು, ನನ್ನ ಲಿಂಕನ್ನು ಅಲ್ಲಿ ಹಾಕಿದರು.